38 ಎಂಬಿ ಮನೆ ನಕ್ಷೆ: ಆಡಿಟ್, ಪರ್ಜ್, ಡಬ್ಲ್ಯೂಬ್ಲಾಕ್ – ಯಾವುದು ಎಷ್ಟು ಇಳಿಸಿತು?

ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ. ಎರಡು ಮಹಡಿ, ಹಂಚಿನ ಮಾಡು, ಮುಂದೆ ಅಡಿಕೆ ಒಣಗಿಸುವ ಅಂಗಳ. ಇಷ್ಟಕ್ಕೆ ನನ್ನ ಆಟೋಕ್ಯಾಡ್ ಫೈಲ್ 38.4 ಎಂಬಿ ಆಗಿತ್ತು! ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡದನ್ನು ನೇರವಾಗಿ ಅಂಟಿಸಿ ಕಳಿಸಲು ಆಗಲ್ಲ. ಲಿಂಕ್ ಕಳಿಸಿದರೆ ಮಳೆಗಾಲದಲ್ಲಿ ಅಲ್ಲಿ ಸಿಗ್ನಲ್ ಬರುವುದೇ ಮನೆಯ ಹಿಂದಿನ ದಿಬ್ಬದ ಮೇಲೆ. ಅದಕ್ಕೇ ಒಂದು ಭಾನುವಾರ ಶಿವಮೊಗ್ಗದ ಆಫೀಸಿನಲ್ಲಿ ಕೂತು, ಅದೇ ಫೈಲಿನ ಮೂರು ಪ್ರತಿ ಮಾಡಿ, ಒಂದೊಂದಕ್ಕೆ ಒಂದೊಂದು ಮದ್ದು ಹಾಕಿ ನೋಡಿದೆ.

ಅಡಿಕೆ ತೂಗುವ ಮುಂಚೆ ತಕ್ಕಡಿ ಸರಿ ಇದೆಯಾ ಅಂತ ನೋಡ್ತೀವಲ್ಲ, ಇಲ್ಲೂ ಅದೇ. ಆಟೋಕ್ಯಾಡ್ ಪ್ರತಿ ಸಲ ಪೂರ್ತಿ ಫೈಲನ್ನು ಹೊಸದಾಗಿ ಬರೆಯುವುದಿಲ್ಲ. ಬದಲಾದ ಭಾಗವನ್ನಷ್ಟೇ ಸೇರಿಸಿ, ಹಳೆಯ ಜಾಗವನ್ನು ಖಾಲಿ ಬಿಟ್ಟಿರುತ್ತದೆ. ಈ ಖಾಲಿ ಜಾಗ ಎಷ್ಟರವರೆಗೆ ಇರಬಹುದು ಅಂತ ಹೇಳುವುದು `ISAVEPERCENT`. ಅದು ಮೊದಲಿಂದ 50 ಇರುತ್ತದೆ. ಹಾಗೇ ಬಿಟ್ಟರೆ ಎಷ್ಟು ಪರ್ಜ್ ಮಾಡಿ ಸೇವ್ ಮಾಡಿದರೂ ಸೈಜ್ ಅಲ್ಲೇ ನಿಂತಂತೆ ಕಾಣಬಹುದು. ನಾನು ಅದನ್ನು 0 ಮಾಡಿ ಸೇವ್ ಮಾಡಿದೆ. ಏನೂ ಅಳಿಸದೆಯೇ 35.9 ಎಂಬಿಗೆ ಬಂತು. ಮುಂದಿನ ಹೋಲಿಕೆಯೆಲ್ಲ ಈ 35.9ರಿಂದಲೇ.

ಮೊದಲ ಪ್ರತಿಗೆ ಆಡಿಟ್.

```
AUDIT
Y
```

163 ತಪ್ಪು ಸಿಕ್ಕಿತು, 163 ಸರಿಯಾಯಿತು. ಸೈಜ್ 35.8. ಅಂದರೆ ಇಳಿದಿದ್ದು ಏನೂ ಇಲ್ಲ. ಆಡಿಟ್‌ನಿಂದ ಫೈಲ್ ಚಿಕ್ಕದಾಗುತ್ತದೆ ಅಂತ ಹೇಳುವವರು ಸುಮಾರು ಜನ ಸಿಗ್ತಾರೆ, ಆದರೆ ಅದರ ಕೆಲಸ ಅದಲ್ಲ. ಅದು ಒಳಗೆ ಮುರಿದಿರುವುದನ್ನು ರಿಪೇರಿ ಮಾಡುತ್ತದೆ. ಪರ್ಜ್ ಮಾಡುವ ಮುಂಚೆ ಒಮ್ಮೆ ಓಡಿಸಿದರೆ ಒಳ್ಳೆಯದು. ಕೆಟ್ಟ ಬ್ಲಾಕ್ ಒಳಗೆ ಉಳಿದರೆ ಪರ್ಜ್ ಕೂಡ ಎಡವುತ್ತದೆ. ಎರಡನೇ ಸಲ ಓಡಿಸಿದಾಗ ತಪ್ಪು ಸೊನ್ನೆ ಬರಬೇಕು. ಮತ್ತೆ ಮತ್ತೆ ಅಷ್ಟೇ ತಪ್ಪು ತೋರಿಸಿದರೆ ಫೈಲನ್ನು ಮುಚ್ಚಿ `RECOVER` ಮೂಲಕ ತೆರೆಯಿರಿ.

ಎರಡನೇ ಪ್ರತಿಗೂ ಮೊದಲು ಆಡಿಟ್ ಮಾಡಿ, ಆಮೇಲೆ `PURGE`. ನಿಜವಾದ ಇಳಿಕೆ ಕಂಡಿದ್ದು ಇಲ್ಲಿ. ಮೊದಲ ಸಲ ಸುಮ್ನೆ ಎಲ್ಲವನ್ನೂ ಪರ್ಜ್ ಮಾಡಿದಾಗ 29 ಎಂಬಿ. ಬ್ಲಾಕಿನೊಳಗೆ ಬ್ಲಾಕ್ ಇರುತ್ತದಲ್ಲ, ಹೊರಗಿನದು ಹೋದ ಮೇಲೆ ಮಾತ್ರ ಒಳಗಿನದು ಬೇಡವಾದದ್ದು ಅಂತ ಲೆಕ್ಕಕ್ಕೆ ಬರುತ್ತದೆ. ಒಳಗಿನವನ್ನೂ ಸೇರಿಸಿ ಪರ್ಜ್ ಮಾಡು ಅನ್ನುವ ಟಿಕ್ ಹಾಕಿ ಮತ್ತೆ ಓಡಿಸಿದಾಗ 14.2ಕ್ಕೆ ಬಂತು. ಹೋದವು ಯಾವುವು ಅಂತ ನೋಡಿದೆ. ಯಾವುದೋ ಕಾಲದಲ್ಲಿ ಇಳಿಸಿಕೊಂಡ ಸೋಫಾ ಸೆಟ್ಟುಗಳು, ಎಲೆ ಎಲೆಯೂ ಬಿಡಿಸಿದ ಮರಗಳು. ಮಲೆನಾಡಿನ ಮನೆಯ ನಕ್ಷೆಗೆ ಖರ್ಜೂರದ ಮರ ಹೇಗೆ ಬಂತೋ ದೇವರಿಗೇ ಗೊತ್ತು.

ಆದರೂ 14 ಎಂಬಿ ಜಾಸ್ತಿ ಅನ್ನಿಸಿತು. ಪರ್ಜ್ ಮಾಡಲು ಆಗದವನ್ನು ತೋರಿಸುವ ಪಟ್ಟಿಯೂ ಅದೇ ಕಿಟಕಿಯಲ್ಲಿದೆ (2020ರ ಆವೃತ್ತಿಯಿಂದ ಅಲ್ಲಿ ಯಾಕೆ ಆಗಲ್ಲ ಅಂತಲೂ ಬರೆದಿರುತ್ತದೆ). ಅದರಲ್ಲಿ ಒಂದು ತ್ರೀಡಿ ಕಾರ್ ಇತ್ತು. ಒಂದೇ ಒಂದು ಸಲ ಇಟ್ಟಿದ್ದು, ಅದೂ ಫ್ರೀಜ್ ಮಾಡಿದ ಲೇಯರಿನಲ್ಲಿ. ಕಣ್ಣಿಗೆ ಕಾಣದಿದ್ದರೂ ಬಳಕೆಯಲ್ಲಿದೆ ಅಂತಲೇ ಲೆಕ್ಕ. ಲೇಯರನ್ನು ಥಾ ಮಾಡಿ, ಕಾರನ್ನು ಅಳಿಸಿ, ಮತ್ತೆ ಪರ್ಜ್ ಮಾಡಿದೆ. 9.6 ಎಂಬಿ. ಒಂದು ಕಾರು ನಾಲ್ಕೂವರೆ ಎಂಬಿ ತಿನ್ನುತ್ತಿತ್ತು.

ಆ ಕಿಟಕಿಯಲ್ಲಿ ಕಾಣದೇ ಇರುವುದು ಇನ್ನೊಂದಿದೆ, ರೆಗ್‌ಆ್ಯಪ್. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಡ್ರಾಯಿಂಗಿನೊಳಗೆ ಬಿಟ್ಟುಹೋಗುವ ಹೆಸರಿನ ಚೀಟಿ ಅಂತ ಇಟ್ಟುಕೊಳ್ಳಿ. ಬೇರೆಯವರ ಫೈಲಿಂದ ಕಾಪಿ ಪೇಸ್ಟ್ ಮಾಡಿದಾಗ ಜೊತೆಗೇ ಬರುತ್ತದೆ. ಇದಕ್ಕೆ ಮುಂದೆ ಗೆರೆ ಇರುವ ಪರ್ಜ್ ಬೇಕು.

```
-PURGE
R
*
N
```

ಕೊನೆಯ N ಮರೆಯಬೇಡಿ. ಇಲ್ಲದಿದ್ದರೆ ಒಂದೊಂದು ಹೆಸರಿಗೂ ನಿಮ್ಮನ್ನು ಕೇಳುತ್ತಾ ಕೂರುತ್ತದೆ. ನನ್ನ ಫೈಲಿನಲ್ಲಿ ಸಾವಿರಗಟ್ಟಲೆ ಇದ್ದವು. ಸೈಜ್ 8.1ಕ್ಕೆ ಇಳಿಯಿತು, ಅದೇನು ಮಹಾ ಅಲ್ಲ. ಆದರೆ ತೆರೆಯಲು ಒಂದೂವರೆ ನಿಮಿಷ ಹಿಡಿಯುತ್ತಿದ್ದ ಫೈಲ್ ಈಗ ಇಪ್ಪತ್ತು ಸೆಕೆಂಡಿಗೆ ತೆರೆಯಿತು. ಸೈಜ್ ಕಮ್ಮಿ ಇದ್ದೂ ಫೈಲ್ ಹೊತ್ತು ಹಿಡಿಯುತ್ತಿದ್ದರೆ ನಾನು ಈಗ ಮೊದಲು ನೋಡುವುದೇ ಇದನ್ನು.

ಮೂರನೇ ಪ್ರತಿಗೆ `WBLOCK`. ಬೇಕಾದದ್ದನ್ನಷ್ಟೇ ಆರಿಸಿ ಹೊಸ ಫೈಲಿಗೆ ಸಾಗಿಸುವ ದಾರಿ. ಬೇಸ್ ಪಾಯಿಂಟ್ 0,0,0 ಇಟ್ಟು, ALL ಅಂತ ಆರಿಸಿ ಬರೆಸಿದೆ. ಒಂದೇ ಏಟಿಗೆ 7.6 ಎಂಬಿ! ಕೆಲಸವೂ ಎರಡು ನಿಮಿಷದ್ದು. ಖುಷಿಯಾಗಿ ತೆರೆದು ನೋಡಿದರೆ ಆರು ಲೇಔಟ್ ಶೀಟುಗಳೂ ಇಲ್ಲ. ಅದು ನಿರೀಕ್ಷೆ ಇದ್ದದ್ದೇ, ಮಾಡೆಲಿನಲ್ಲಿ ಆರಿಸಿದ್ದು ಮಾತ್ರ ಹೋಗುತ್ತದೆ. ಆದರೆ ಮನೆಯ ವೈರಿಂಗ್ ಕೂಡ ಮಾಯವಾಗಿತ್ತು. ಆ ಲೇಯರ್ ಫ್ರೀಜ್ ಆಗಿತ್ತು. ಫ್ರೀಜ್ ಅಥವಾ ಲಾಕ್ ಆದ ಲೇಯರಿನಲ್ಲಿರುವುದನ್ನು ALL ಹಿಡಿಯುವುದೇ ಇಲ್ಲ. ಕಾರು ತಾನಾಗೇ ಹೋಯಿತು ಅಂತ ಬೀಗುವ ಹೊತ್ತಿಗೆ ಸ್ವಿಚ್ ಬೋರ್ಡುಗಳೂ ಅದರ ಜೊತೆ ಹೋಗಿದ್ದವು. ಅರ್ಧ ಎಂಬಿ ಉಳಿಸಲು ಆರು ಶೀಟು ಮತ್ತೆ ಹೊಂದಿಸುವವರು ಯಾರು? ಪರ್ಜ್‌ಗೂ ಜಗ್ಗದ ಫೈಲಿಗೆ, ಇಲ್ಲವೇ ಬರೀ ಪ್ಲಾನ್ ಕಳಿಸಬೇಕಾದಾಗ ಸರಿ. ದಿನದ ಕೆಲಸಕ್ಕೆ ನನ್ನ ಮತ ಪರ್ಜ್‌ಗೇ.

ಲೇಯರ್ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಬೇಕು. ಪರ್ಜ್ ಆದ ಮೇಲೂ ಇನ್ನೂರು ಚಿಲ್ಲರೆ ಲೇಯರ್ ಉಳಿದಿದ್ದವು. ಅದರಲ್ಲೊಂದು `OLD-WIN`. ಪರದೆಯಲ್ಲಿ ಆ ಲೇಯರಿನದು ಏನೂ ಇದ್ದಂತಿರಲಿಲ್ಲ. ಸಿಟ್ಟಿಗೆ `LAYDEL` ಹೊಡೆದೆ. ಕಮಾಂಡ್ ಲೈನಿನಲ್ಲಿ, ಬ್ಲಾಕುಗಳು ಈ ಲೇಯರನ್ನು ಬಳಸುತ್ತಿವೆ, ಅವುಗಳೊಳಗಿನ ಗೆರೆಗಳೂ ಹೋಗುತ್ತವೆ ಅಂತ ಎಚ್ಚರಿಕೆ ಬಂತು. ಓದದೆಯೇ Y ಒತ್ತಿದೆ. ಕಿಟಕಿ ಬ್ಲಾಕಿನೊಳಗಿನ ಗ್ರಿಲ್ ಅದೇ ಲೇಯರಿನಲ್ಲಿತ್ತು. ಹದಿನಾಲ್ಕು ಕಿಟಕಿಗಳ ಗ್ರಿಲ್ಲೂ ಒಟ್ಟಿಗೇ ಹೋಯಿತು. ನನಗೆ ಗೊತ್ತಾಗಿದ್ದು ಮೇಸ್ತ್ರಿ ಫೋನ್ ಮಾಡಿದಾಗ.

“ಸರ್, ಕಿಟಕಿಗೆ ಗ್ರಿಲ್ ಬೇಡ್ವಾ? ಇಲ್ಲಿ ಮಂಗನ ಕಾಟ ಜಾಸ್ತಿ ಸರ್.”

ಹಳೆಯ ಪ್ರತಿ ಇಟ್ಟಿದ್ದರಿಂದ ಬಚಾವಾದೆ. ಈಗ ಇಂಥ ಲೇಯರಿಗೆ `LAYMRG` ಬಳಸುತ್ತೇನೆ. ಅದು ಗೆರೆಗಳನ್ನು ಬೇರೆ ಲೇಯರಿಗೆ ಸಾಗಿಸಿ, ಆಮೇಲೆ ಹಳೆಯ ಲೇಯರನ್ನು ತೆಗೆಯುತ್ತದೆ. ಸೈಜ್ ಲೆಕ್ಕದಲ್ಲಿ ಇದರಿಂದ ಲಾಭ ಇಲ್ಲವೇ ಇಲ್ಲ ಅನ್ನಬಹುದು. ಖಾಲಿ ಲೇಯರ್ ಬರೀ ಒಂದು ಹೆಸರು, ಇನ್ನೂರು ತೆಗೆದಾಗಲೂ ನನಗೆ ಇಳಿದದ್ದು ಕೆಲವು ಕೆಬಿ. ಪಟ್ಟಿ ಚಿಕ್ಕದಾಗುತ್ತದೆ, ಅಷ್ಟೇ. ಸೊನ್ನೆ ಲೇಯರ್, `Defpoints` ಮತ್ತು ಆಗ ಚಾಲ್ತಿಯಲ್ಲಿರುವ ಲೇಯರ್ ಹೇಗೂ ಪರ್ಜ್ ಆಗುವುದಿಲ್ಲ, ಅವುಗಳ ಜೊತೆ ಗುದ್ದಾಡಬೇಡಿ.

8.1 ಎಂಬಿ ಫೈಲ್ ಅವತ್ತೇ ಸಂಜೆ ಹೋಯಿತು. ಆಮೇಲೆ, ಆ ರೆಗ್‌ಆ್ಯಪ್ ರಾಶಿ ಎಲ್ಲಿಂದ ಬಂತು ಅಂತ ಹುಡುಕಿದೆ. ಸೈಟಿನ ಕಾಂಟೂರ್ ಸರ್ವೆ ಬಂದ ಫೈಲಿನಲ್ಲೇ ಇತ್ತು. ನಾನು ಅದರಿಂದ ನಾಲ್ಕು ಸಲ ಕಾಪಿ ಮಾಡಿದ್ದೆ. ಈಗ ಹೊರಗಿನಿಂದ ಬಂದ ಯಾವ ಫೈಲೇ ಆಗಲಿ, ಅದರದೇ ಪ್ರತಿಯಲ್ಲಿ ಆಡಿಟ್, ಪರ್ಜ್, ರೆಗ್‌ಆ್ಯಪ್ ಮೂರೂ ಮುಗಿಸಿದ ಮೇಲೆಯೇ ಅದರಿಂದ ಒಂದು ಗೆರೆ ತಗೊಳ್ಳುತ್ತೇನೆ.