ಓಟಿಎ ಐತಿ ಅಂದ ಕೂಡ್ಲೆ ನಂಬಬ್ಯಾಡ್ರಿ, ನಂದು 9 ಬೋರ್ಡ್ ಸತ್ತಾವು

ಮೊದ್ಲ ಹೇಳಿಬಿಡ್ತೀನಿ, ತಪ್ಪು ನಂದೂ ಐತಿ, ಕೇಳೂದು ಕೇಳ್ಲಿಲ್ಲ. ಹುಬ್ಬಳ್ಳ್ಯಾಗ ಮನಿ ಟಾಕಿ ತುಂಬಿದ್ರ ಮೋಟರ್ ತಾನ ಬಂದ್ ಆಗೋ ಡಬ್ಬಿ ಹಚ್ಚಿಕೊಡ್ತೀನ್ರಿ. ಒಳಗಿನ ಬೋರ್ಡು ಬೆಂಗಳೂರಿನ ಒಂದು ಕಂಪನಿದು, ಇಎಸ್‌ಪಿ8266 ಚಿಪ್ಪು. ಅದರಾಗಿನ ಪ್ರೋಗ್ರಾಮನ್ನ ಕಂಪನಿಯವ್ರು ವೈಫೈ ಮ್ಯಾಲ ದೂರದಿಂದನ ಬದಲಸ್ತಾರ, ಅದಕ್ಕ ಓಟಿಎ ಅಪ್‌ಡೇಟ್ ಅಂತಾರ. ತೊಗೊಳ್ಳುವಾಗ ಒಂದ ಮಾತು ಕೇಳಿದ್ದೆ, ಅಪ್‌ಡೇಟ್ ನಡುವ ಕರೆಂಟ್ ಹೋದ್ರ ಏನಾಕ್ಕತಿ? "ಸರ್, ಚೆಕ್‌ಸಮ್ ಇದೆ, ಹಳೇದು ಹಂಗೇ ಇರುತ್ತೆ, ಏನೂ ಆಗಲ್ಲ." ಚೆಕ್‌ಸಮ್ ಅಂದ್ರ ಬಂದ ಫೈಲು ಪೂರಾ ಸರಿ ಐತೇನು ಅಂತ ಲೆಕ್ಕ ಹಾಕಿ ನೋಡೂದು.

ಮೊನ್ನಿ ಮಳಿ ಸಂಜಿ ವಿದ್ಯಾನಗರ, ಉಣಕಲ್ ಕಡೆ 31 ಮನಿಗೆ ಅಪ್‌ಡೇಟ್ ಬಿಟ್ರು. 9 ಸತ್ತು. ವಾರಕ್ಕೊಮ್ಮೆ ನಳ ಬರೋ ಓಣ್ಯಾಗ ನಳ ಬಂದ ದಿನಾನ ಮೋಟರ್ ಚಾಲೂ ಆಗ್ಲಿಲ್ಲ ಅಂದ್ರ ಫೋನ್ನ್ಯಾಗ ಏನೇನು ಬೈಸ್ಕೊಂಡೆ ಅಂತ ಬರಿಯಾಕ ಬರೂದಿಲ್ಲ.

ಒಂದು ಬೋರ್ಡ್ ತಂದು ಸೀರಿಯಲ್ ಕೇಬಲ್ ಹಚ್ಚಿದೆ, 74880 ಸ್ಪೀಡಿಗೆ. ಚೊಲೋ ಬೋರ್ಡ್ ಅಪ್‌ಡೇಟ್ ಆಗುವಾಗ `@cp:0` ಅಂತ ಬರತೈತಿ, ಅಂದ್ರ ಹೊಸಾದನ್ನ ಸರಿಯಾಗಿ ಕಾಪಿ ಮಾಡಿ ಮುಗಿಸೈತಿ. ಇದರಾಗ ಬರೇ `~ld`, ಅಂದ್ರ ಕಾಪಿ ಇಲ್ಲದ ಇದ್ದದ್ದನ್ನ ಓಡಸಾಕತ್ತೈತಿ, ಆಮ್ಯಾಲ ಕ್ರ್ಯಾಶ್, ಮತ್ತ `~ld`, ಮತ್ತ ಕ್ರ್ಯಾಶ್. ಅಲ್ಲೇ ನನಗ ಹೊಳೀತು, ಮೋಸ ಹೋಗೇನಿ ಅಂತ.

ಡೌನ್‌ಲೋಡ್ ಆಗುವಾಗ ಕರೆಂಟ್ ಹೋದ್ರ ಖರೇನ ಏನೂ ಆಗೂದಿಲ್ರಿ, ಯಾಕಂದ್ರ ಹೊಸಾದು ಫ್ಲ್ಯಾಶಿನ ಖಾಲಿ ಜಾಗಾದಾಗ ಕುಂಡ್ರತೈತಿ, ಚೆಕ್‌ಸಮ್ ನೋಡೂದು ಅದನ್ನ. ಆದ್ರ ಆಮ್ಯಾಲ ರೀಬೂಟ್ ಆಗಿ, ಚಾಲೂ ಆದ ಕೂಡ್ಲೆ ಮೊದ್ಲ ಓಡೋ ಬೂಟ್‌ಲೋಡರ್ ಅನ್ನೋ ಸಣ್ಣ ಪ್ರೋಗ್ರಾಮು ಅದನ್ನ ಹಳೇದರ ಮ್ಯಾಲ 4 ಕೆಬಿ, 4 ಕೆಬಿ ಅಳಿಸಿ ಬರೀತೈತಿ. ಆ ಕೆಲವು ಸೆಕೆಂಡಿನ್ಯಾಗ ಕರೆಂಟ್ ಹೋದ್ರ ಅರ್ಧ ಹೊಸಾದು, ಅರ್ಧ ಹಳೇದು. ಮತ್ತ ಸುರು ಮಾಡಬಾರದ್ಯಾಕ ಅಂದ್ರ, "ಕಾಪಿ ಮಾಡು" ಅನ್ನೋ ಆರ್ಡರ್ ಇರೂದು ಆರ್‌ಟಿಸಿ ಮೆಮೊರ್ಯಾಗ. ರೀಸೆಟ್ಟಿಗೆ ಅದು ಉಳೀತೈತಿ, ಕರೆಂಟ್ ಹೋದ್ರ ಅಳಿಸಿ ಹೋಕ್ಕೈತಿ! ಕರೆಂಟ್ ಬಂದ ಮ್ಯಾಲ ಅದಕ್ಕ ಏನೂ ನೆನಪಿಲ್ಲ, ಹಾಳಾದ ಪ್ರೋಗ್ರಾಮನ್ನ ಓಡಸಾಕ ಹೋಗತೈತಿ. ಅದರಾಗ ಇವ್ರ ಡಬ್ಬಿ ಅಪ್‌ಡೇಟ್ ಹುಡುಕೂದು ಕರೆಂಟ್ ಬಂದ ಕೂಡ್ಲೆ. ನಮ್ಮ ಕಡೆ ಮಳ್ಯಾಗ ಕರೆಂಟ್ ಬಂದ್ರ ಒಮ್ಮಿಗೆ ನಿಲ್ಲತೈತೇನ್ರಿ? ಎರಡು ಮೂರು ಸಲ ಹೋಗಿ ಬರತೈತಿ.

ಫೋನ್ ಮಾಡಿದ್ರ ಉತ್ತರ ಕೇಳ್ರಿ. "ಸರ್ ಇದು ಪವರ್ ಇಶ್ಯೂ, ಪ್ರಾಡಕ್ಟ್ ಇಶ್ಯೂ ಅಲ್ಲ." ಅಲ್ಲೋ ಮಾರಾಯ, ನಾ ಕೇಳಿದ್ದ ಪವರ್ ಬಗ್ಗೆ! "ಕಸ್ಟಮರ್‌ಗೆ ಯುಪಿಎಸ್ ಹಾಕ್ಕೊಳ್ಳೋಕೆ ಹೇಳಿ ಸರ್." ಆಮ್ಯಾಲ ಮೆಸೇಜು ನೋಡಿ ಸುಮ್ನಾದ. 9 ಮನಿಗೆ ನಾನ ಹೋಗಿ ಡಬ್ಬಿ ಬಿಚ್ಚಿ, ಜಿಪಿಐಓ0 ಪಿನ್ನು ಗ್ರೌಂಡಿಗೆ ಹಿಡದು, ಕೇಬಲ್ಲಿಲೆ ಬರದು ಬಂದೆ.

ಈಗ ಇಎಸ್‌ಪಿ32 ತೊಗೊಂಡೇನಿ. `ota_0`, `ota_1` ಅಂತ ಎರಡು ಜಾಗಾ, ಕಾಪಿ ಇಲ್ಲ, ಯಾವುದರಿಂದ ಓಡಬೇಕು ಅನ್ನೋ ಗುರುತಷ್ಟ ಬದಲಾಕ್ಕೈತಿ. ಅದರಾಗೂ `CONFIG_BOOTLOADER_APP_ROLLBACK_ENABLE` ಹಾಕ್ಯಾರೇನು ಕೇಳ್ರಿ, ಇಲ್ಲಂದ್ರ ಹೊಸಾದು ಓಡಾಕ ಸುರು ಆಗಿ ಕ್ರ್ಯಾಶ್ ಆದ್ರ ಹಳೇದಕ್ಕ ತಾನ ವಾಪಸ್ ಹೋಗೂದಿಲ್ಲ. ಚೆಕ್‌ಸಮ್ ಐತಿ ಅಂತ ಹೇಳಾವ್ರಿಗೆ ರೀಬೂಟ್ ಆಗುವಾಗ ಪ್ಲಗ್ ಕಿತ್ತು ತೋರಸ್ರಿ ಅನ್ರಿ, ನಿಮ್ಮ ಕಣ್ಮುಂದ, ಇಪ್ಪತ್ತು ಸಲ. ರೊಕ್ಕ ಆಮ್ಯಾಲ.