ಕಾಲು ಗಂಟೆಯ ಲೆಕ್ಕವೋ, ನಿಮಿಷದ ಲೆಕ್ಕವೋ: ವಾರದ ಬಟವಾಡೆಯಲ್ಲಿ ಕಂಡ ವ್ಯತ್ಯಾಸ

ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ ಶನಿವಾರದ ಬಟವಾಡೆ ಲೆಕ್ಕವನ್ನು ನಾನು ಬರೆಯುತ್ತೇನೆ. ಹಾಜರಿಯ ಪಂಚ್ ಸಮಯವನ್ನು ಹತ್ತಿರದ ಕಾಲು ಗಂಟೆಗೆ ಹೊಂದಿಸುವುದು, ನಿಮಿಷ ನಿಮಿಷವನ್ನೂ ಎಣಿಸುವುದು, ನಿಮಿಷಗಳನ್ನು ಹಾಗೆಯೇ ಕೂಡಿಸಿ ವಾರದ ಮೊತ್ತವನ್ನು ಮಾತ್ರ ಒಮ್ಮೆ ಕಾಲು ಗಂಟೆಗೆ ಹೊಂದಿಸುವುದು, ಈ ಮೂರೂ ಕ್ರಮಗಳನ್ನು ಮಳೆಗಾಲವೂ ಸೇರಿದ ಆರು ತಿಂಗಳ ಅದೇ ಪಂಚ್ ದಾಖಲೆಗೆ ಹಚ್ಚಿ ನೋಡಿದೆ.

ಮೊದಲನೆಯ ಕ್ರಮದ ನಿಯಮ ಸರಳ. ಏಳು ನಿಮಿಷದವರೆಗಿನದು ಹಿಂದಿನ ಕಾಲು ಗಂಟೆಗೆ ಸೇರುತ್ತದೆ, ಎಂಟನೆಯ ನಿಮಿಷದಿಂದ ಮುಂದಿನದಕ್ಕೆ. 8:37ರ ಪಂಚ್ 8:30 ಆಗುತ್ತದೆ, 8:38ರದು 8:45. ಒಮ್ಮೆ ಹೋದದ್ದು ಇನ್ನೊಮ್ಮೆ ಬರುತ್ತದೆ, ಕೊನೆಗೆ ಸರಿಹೋಗುತ್ತದೆ ಎಂಬುದು ಇದರ ಸಮರ್ಥನೆ. ಅಮೆರಿಕದ ಕಾರ್ಮಿಕ ನಿಯಮಾವಳಿಯೂ ಕಾಲು ಗಂಟೆಯ ಹೊಂದಿಕೆಯನ್ನು ಒಪ್ಪುವುದು ಇದೇ ಷರತ್ತಿನ ಮೇಲೆ: ಕಾಲಕ್ರಮದಲ್ಲಿ ದುಡಿದ ಸಮಯಕ್ಕೆಲ್ಲ ಕೂಲಿ ಸಂದಿರಬೇಕು.

ಪಂಚ್‌ಗಳು ಕಾಲು ಗಂಟೆಯೊಳಗೆ ಎಲ್ಲೆಂದರಲ್ಲಿ ಬೀಳುವುದಾದರೆ ಈ ಸಮರ್ಥನೆ ಸರಿಯೇ. ವಾರದ ಹನ್ನೆರಡು ಪಂಚ್‌ಗಳಲ್ಲಿ ಉಳಿಯುವ ವ್ಯತ್ಯಾಸ ಸಾಮಾನ್ಯವಾಗಿ 15 ನಿಮಿಷದ ಆಸುಪಾಸಿನದು. 26 ವಾರ ಕೂಡಿಸಿದರೂ ಅದು ಒಂದೂಕಾಲು ಗಂಟೆಯ ಸುತ್ತ ನಿಲ್ಲುತ್ತದೆ. ಗಂಟೆಗೆ 80 ರೂಪಾಯಿಯಂತೆ ಸುಮಾರು ನೂರು ರೂಪಾಯಿ. ಆದರೆ ಮನುಷ್ಯರು ಹಾಗೆ ಬರುವುದಿಲ್ಲ. ಬಸ್ಸಿಗೊಂದು ವೇಳೆಯಿದೆ, ಮನೆಗೊಂದು ದೂರವಿದೆ, ಒಬ್ಬೊಬ್ಬರಿಗೆ ಒಂದೊಂದು ರೂಢಿಯಿದೆ.

ಪಾಳಿ 8:30ರಿಂದ 4:30, ಮಧ್ಯೆ ಊಟಕ್ಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ, ಒಟ್ಟು 45 ಗಂಟೆ. ಒಬ್ಬರು 8:24ಕ್ಕೆ ಪಂಚ್ ಮಾಡಿ, ಯಂತ್ರಕ್ಕೆ ಎಣ್ಣೆ ಬಿಟ್ಟು ಕೆಲಸ ಹಿಡಿಯುತ್ತಾರೆ. ಸಂಜೆ ಲೋಹದ ಸಿಪ್ಪೆ ಗುಡಿಸಿ 4:37ಕ್ಕೆ ಹೊರಡುತ್ತಾರೆ. ಇನ್ನೊಬ್ಬರು 8:37ಕ್ಕೆ ಬಂದು 4:23ಕ್ಕೆ ಹೊರಡುತ್ತಾರೆ. ಕಾಲು ಗಂಟೆಯ ಲೆಕ್ಕದಲ್ಲಿ ಇಬ್ಬರಿಗೂ ವಾರಕ್ಕೆ 3,600 ರೂಪಾಯಿ. ನಿಮಿಷದ ಲೆಕ್ಕದಲ್ಲಿ ಮೊದಲನೆಯವರು 46 ಗಂಟೆ 18 ನಿಮಿಷ ದುಡಿದಿದ್ದಾರೆ, ಅವರಿಗೆ 3,704 ಸಲ್ಲಬೇಕು; ಎರಡನೆಯವರದು 43 ಗಂಟೆ 36 ನಿಮಿಷ, 3,488. ಮಾಲೀಕರ ಒಟ್ಟು ಖರ್ಚಿನಲ್ಲಿ ಎಂಟು ರೂಪಾಯಿಯ ವ್ಯತ್ಯಾಸ ಮಾತ್ರ ಬರುವುದರಿಂದ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ. ಆದರೆ 26 ವಾರಗಳಲ್ಲಿ ಮೊದಲನೆಯವರ ಕೈಯಿಂದ 2,704 ರೂಪಾಯಿ ಜಾರಿರುತ್ತದೆ. ಇಡೀ ವರ್ಕ್‌ಶಾಪಿನ ಸರಾಸರಿ ಸರಿಹೋಯಿತೆಂದು ಒಬ್ಬನ ಕೂಲಿ ಸರಿಹೋಗುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಒಬ್ಬೊಬ್ಬರ ಹೆಸರಿನ ಮುಂದೆಯೇ ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ವಾರದ ದುಡಿಮೆ 48 ಗಂಟೆ ದಾಟುವ ಕಾರ್ಖಾನೆಯಲ್ಲಾದರೆ ಹೀಗೆ ಅಳಿಸಿಹೋದ ನಿಮಿಷಗಳಿಗೆ ಓಟಿಯ ಎರಡು ಪಟ್ಟು ದರವಿರುತ್ತದೆ, ನಷ್ಟವೂ ಅಷ್ಟೇ ಹಿಗ್ಗುತ್ತದೆ.

ಮಳೆಗಾಲದ ಪಂಚ್‌ಗಳಲ್ಲಿ ಇನ್ನೊಂದು ದೋಷ ಕಂಡಿತು. ಬೇಸಿಗೆಯಲ್ಲಿ 8:36ಕ್ಕೆ ಮುಟ್ಟಿಸುತ್ತಿದ್ದ ಬಸ್ಸು ಆಷಾಢದ ಮಳೆಯಲ್ಲಿ 8:39ಕ್ಕೆ ಮುಟ್ಟಿಸಿದರೆ, ಹೆಚ್ಚಿದ ತಡ ದಿನಕ್ಕೆ ಮೂರೇ ನಿಮಿಷ, ವಾರಕ್ಕೆ 24 ರೂಪಾಯಿಯಷ್ಟು. ಕಾಲು ಗಂಟೆಯ ಲೆಕ್ಕದಲ್ಲಿ ಮಾತ್ರ ದಿನಕ್ಕೆ 15 ನಿಮಿಷ ಕಡಿತವಾಗಿ ವಾರದ ಬಟವಾಡೆ 120 ರೂಪಾಯಿ ಇಳಿಯುತ್ತದೆ. ಗೈರಿನ ಅವಧಿಯ ಪ್ರಮಾಣಕ್ಕಿಂತ ಹೆಚ್ಚು ಕೂಲಿ ಕಡಿಯಬಾರದೆಂಬುದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇದ್ದ ತತ್ವ. ಒಂಬತ್ತು ನಿಮಿಷದ ತಡಕ್ಕೆ ಹದಿನೈದು ನಿಮಿಷದ ಕಡಿತ ಆ ತತ್ವಕ್ಕೆ ಒಗ್ಗುವುದಿಲ್ಲ.

ನಿಮಿಷದ ಲೆಕ್ಕ ನ್ಯಾಯವಾದದ್ದು. ಅದರ ವಿರುದ್ಧ ಹೇಳುವುದಿದ್ದರೆ, ಚಿಲ್ಲರೆ ಮೊತ್ತಗಳು ಬರುತ್ತವೆ ಮತ್ತು ಕೈಲೆಕ್ಕ ಬೇಸರ ತರಿಸುತ್ತದೆ, ಅಷ್ಟೇ.

ಮೂರನೆಯ ಕ್ರಮ ನನಗೆ ಹೆಚ್ಚು ಹಿಡಿಸಿತು. ದಿನದ ನಿಜವಾದ ಅವಧಿಗಳು F2ರಿಂದ F7ರವರೆಗೆ ಇದ್ದರೆ ಎಕ್ಸೆಲ್‌ನಲ್ಲಿ ಇಷ್ಟು ಸಾಕು:

```
=ROUND(SUM(F2:F7)*96,0)/96
```

ದಿನಕ್ಕೆ 96 ಕಾಲು ಗಂಟೆಗಳಿರುವುದರಿಂದ ಆ ಸಂಖ್ಯೆ. ಉತ್ತರದ ಕೋಶದ ಸಮಯ ನಮೂನೆಯನ್ನು `[h]:mm` ಎಂದೇ ಇಡಬೇಕು. ಇಲ್ಲದಿದ್ದರೆ 46 ಗಂಟೆ 15 ನಿಮಿಷವು 22:15 ಎಂದು ಕಾಣುತ್ತದೆ. ಈ ಕ್ರಮದಲ್ಲಿ ಮೊದಲಿನ ಕೆಲಸಗಾರರಿಗೆ ತಪ್ಪುವುದು ವಾರಕ್ಕೆ ಮೂರು ನಿಮಿಷ, ನಾಲ್ಕು ರೂಪಾಯಿ. ಆರು ತಿಂಗಳಿಗೆ 104. ಯಾರಿಗೇ ಆಗಲಿ, ವಾರಕ್ಕೆ ಹತ್ತು ರೂಪಾಯಿ ಮೀರಿ ಏರುಪೇರಾಗುವುದಿಲ್ಲ. ಕೆಲಸಗಾರರಿಗೆ ಆ ಅಷ್ಟು ನಷ್ಟವೂ ಬೇಡವೆನ್ನುವವರು ವಾರದ ಮೊತ್ತವನ್ನು ಮುಂದಿನ ಕಾಲು ಗಂಟೆಗೇ ಏರಿಸಬಹುದು, ಅಂದರೆ `ROUND` ಬದಲು `ROUNDUP` ಬರೆಯಬಹುದು. ಯಾವ ಕ್ರಮವನ್ನೇ ಇಟ್ಟುಕೊಂಡರೂ ಬಟವಾಡೆ ಚೀಟಿಯಲ್ಲಿ ಹೊಂದಿಸಿದ ಮೊತ್ತದ ಪಕ್ಕದಲ್ಲಿ ನಿಜವಾದ ನಿಮಿಷಗಳ ಮೊತ್ತವನ್ನೂ ಮುದ್ರಿಸಬೇಕು.