ನಾಲ್ಕು ವರ್ಷ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದು ಹೊರಬಂದೆ: ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ

ಅತ್ತಿಬೆಲೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಸಿಮೆಂಟು, ಪೈಪು, ನಲ್ಲಿ, ಪೇಂಟು ಮಾರುತ್ತೇನೆ. 2021ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದೆ. ಸ್ಕೀಮ್ ಕೆಟ್ಟದ್ದಲ್ಲ. ಆದರೆ ನನ್ನ ಅಂಗಡಿಗೆ ಅದು ಹೊಂದಲಿಲ್ಲ. ಯಾಕೆ ಅಂತ ಗೊತ್ತಾಗೋಕೆ ನನಗೆ ಮೂರು ವರ್ಷ ಬೇಕಾಯ್ತು. ಸೇರುವ ಮುಂಚೆ ಒಂದು ಸಂಜೆ ಕೂತು ಲೆಕ್ಕ ಹಾಕಿದ್ದರೆ ಆಗಲೇ ತಿಳಿಯುತ್ತಿತ್ತು.

ಸೇರಿದ್ದು ಒಂದು ಪರ್ಸೆಂಟ್ ಅನ್ನೋ ಮಾತು ಕೇಳಿ. ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗಿದ್ದರೆ ವ್ಯಾಪಾರಿ ತನ್ನ ಮಾರಾಟದ ಮೇಲೆ ಒಂದು ಪರ್ಸೆಂಟ್ ಕಟ್ಟಿದರೆ ಸಾಕು. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹೋಟೆಲ್‌ಗಾದರೆ ಐದು. ಮೂರು ತಿಂಗಳಿಗೊಮ್ಮೆ CMP-08ರಲ್ಲಿ ತೆರಿಗೆ ಕಟ್ಟಿ, ವರ್ಷಕ್ಕೊಮ್ಮೆ GSTR-4 ಹಾಕಿದರೆ ಮುಗಿಯಿತು. ಈ ವಿಷಯದಲ್ಲಿ ನನಗೆ ಒಂದೂ ದೂರಿಲ್ಲ. ರಿಟರ್ನ್ ಹಾಕಿಕೊಡುವವರಿಗೆ ತಿಂಗಳಿಗೆ 1,500 ಕೊಡುತ್ತಿದ್ದವನು ಮೂರು ತಿಂಗಳಿಗೆ 800 ಕೊಡುವಂತಾಯಿತು. ರಾತ್ರಿ ಹನ್ನೊಂದರವರೆಗೆ ಬಿಲ್ ಹೊಂದಿಸುತ್ತಾ ಕೂರೋದು ತಪ್ಪಿತು.

ಮೊದಲ ಪೆಟ್ಟು ಬಾಗಿಲಲ್ಲೇ ಬಿತ್ತು. ಸ್ಕೀಮ್‌ಗೆ ಹೋಗುವ ದಿನ ಅಂಗಡಿಯಲ್ಲಿರುವ ಸ್ಟಾಕ್ ಮೇಲೆ ಈಗಾಗಲೇ ತೆಗೆದುಕೊಂಡಿರುವ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಮಾಲು ತರುವಾಗ ಕೊಟ್ಟ ಜಿಎಸ್‌ಟಿ ಅಂತ ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವನ್ನು, ವಾಪಸ್ ಕಟ್ಟಬೇಕು. ITC-03 ಅನ್ನುವ ಫಾರ್ಮಿನಲ್ಲಿ, ವರ್ಷ ಶುರುವಾಗಿ 60 ದಿನದೊಳಗೆ. ನನ್ನ ಸ್ಟಾಕ್ ಮೇಲಿನ ಕ್ರೆಡಿಟ್ 1,08,000 ಇತ್ತು, ಜಿಎಸ್‌ಟಿ ಖಾತೆಯ ಕ್ರೆಡಿಟ್ ಲೆಡ್ಜರ್‌ನಲ್ಲಿ ಬಳಸದೆ ಉಳಿದದ್ದು 71,000. ಉಳಿದ 37,000 ಕೈಯಿಂದ ಕಟ್ಟಿದೆ. ಲೆಡ್ಜರ್‌ನಲ್ಲಿ ಹೆಚ್ಚಿಗೆ ಇದ್ದವರಿಗೆ ಆ ಹೆಚ್ಚಿನದು ವಾಪಸ್ ಬರುವುದಿಲ್ಲ, ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಸೇರುವುದಿದ್ದರೆ ಮಾರ್ಚ್ ಕೊನೆಗೆ ಸ್ಟಾಕೂ ಲೆಡ್ಜರೂ ಕಡಿಮೆ ಇರುವಂತೆ ನೋಡಿಕೊಳ್ಳಿ.

ಈಗ ಮುಖ್ಯ ಮಾತು. ಆ ಒಂದು ಪರ್ಸೆಂಟ್ ಲಾಭದ ಮೇಲಲ್ಲ, ಪೂರ್ತಿ ಮಾರಾಟದ ಮೇಲೆ. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ನಮ್ಮ ಲಾಭದಿಂದಲೇ ಹೋಗಬೇಕು. ಮಾಲು ತರುವಾಗ ಕೊಟ್ಟ ಜಿಎಸ್‌ಟಿಗೆ ಕ್ರೆಡಿಟ್ಟೂ ಇಲ್ಲ.

ಎರಡು ಸಾಮಾನು ತೆಗೆದುಕೊಳ್ಳಿ. 18 ಪರ್ಸೆಂಟ್ ತೆರಿಗೆ ಸೇರಿ 118ಕ್ಕೆ ತಂದ ಒಂದು ನಲ್ಲಿಯನ್ನು 150ಕ್ಕೆ ಮಾರಿದೆ ಅಂದುಕೊಳ್ಳಿ. ಮಧ್ಯೆ ಇರುವುದು 32 ರೂಪಾಯಿ. ಕಾಂಪೊಸಿಷನ್‌ನಲ್ಲಿ ಒಂದೂವರೆ ರೂಪಾಯಿ ಕಟ್ಟಿ 30.50 ಉಳಿಯಿತು. ರೆಗ್ಯುಲರ್‌ನಲ್ಲಿ, ಅಂದರೆ ಸ್ಕೀಮ್ ಇಲ್ಲದ ಮಾಮೂಲಿ ಜಿಎಸ್‌ಟಿಯಲ್ಲಿ, ಅದೇ 150ಕ್ಕೆ ಮಾರಿದ್ದರೆ ಆ 32ರಲ್ಲಿ 4.88 ತೆರಿಗೆಗೆ ಹೋಗಿ 27.12 ಉಳಿಯುತ್ತಿತ್ತು. ಇಲ್ಲಿ ಸ್ಕೀಮ್ ಲಾಭ.

ಇನ್ನು ಸಿಮೆಂಟು. ತೆರಿಗೆ ಸೇರಿ 350ಕ್ಕೆ ತಂದು 360ಕ್ಕೆ ಮಾರುತ್ತಿದ್ದೆ. ಚೀಲಕ್ಕೆ ಹತ್ತು ರೂಪಾಯಿ. ಕಾಂಪೊಸಿಷನ್‌ನಲ್ಲಿ 3.60 ಹೋಗಿ 6.40 ಉಳಿಯಿತು. ರೆಗ್ಯುಲರ್‌ನಲ್ಲಿ ಆಗಿದ್ದ 28 ಪರ್ಸೆಂಟ್ ದರದಲ್ಲೂ 2.19 ಮಾತ್ರ ಹೋಗಿ 7.81 ಉಳಿಯುತ್ತಿತ್ತು. ಒಂದು ಪರ್ಸೆಂಟ್ ತೆರಿಗೆ ಇಪ್ಪತ್ತೆಂಟು ಪರ್ಸೆಂಟ್ ತೆರಿಗೆಗಿಂತ ದುಬಾರಿ ಆಯ್ತು! ನಾನೇ ಮೂರು ಸಲ ಲೆಕ್ಕ ಹಾಕಿದ ಮೇಲೆ ನಂಬಿದ್ದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ 18ಕ್ಕೆ ಇಳಿದಿದೆ. ಅದರಿಂದ ರೆಗ್ಯುಲರ್ ಇನ್ನೂ ಹಗುರವೇ ಹೊರತು ಕಾಂಪೊಸಿಷನ್ ಅಲ್ಲ.

ನನ್ನ ವರ್ಷದ ಮಾರಾಟ ಸುಮಾರು 1.10 ಕೋಟಿ. ಅದರಲ್ಲಿ 90 ಲಕ್ಷ ಸಿಮೆಂಟು, ಅಂದರೆ 25,000 ಚೀಲ. ಚೀಲಕ್ಕೆ 1.40 ಅಂತ 35,000 ನಷ್ಟ. ಉಳಿದ 20 ಲಕ್ಷದ ಬಿಡಿ ಸಾಮಾನಿನಲ್ಲಿ ಸುಮಾರು 45,000 ಲಾಭ. ಎಲ್ಲ ಕಳೆದು ತೆರಿಗೆಯಲ್ಲಿ ಉಳಿದದ್ದು ವರ್ಷಕ್ಕೆ ಹತ್ತು ಸಾವಿರ. ರಿಟರ್ನ್ ಖರ್ಚಿನಲ್ಲಿ ಉಳಿದದ್ದು ಹದಿನೈದು ಸಾವಿರದ ಹತ್ತಿರ. ಲಾರಿ ಬಾಡಿಗೆ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ಸಾಗಣೆಯವರ ಬದಲು ನಾವೇ ಕಟ್ಟುವ ಐದು ಪರ್ಸೆಂಟಿಗೂ ಕ್ರೆಡಿಟ್ ಸಿಗದು, ಅದನ್ನೂ ಇದರಲ್ಲಿ ಕಳೆಯಬೇಕು.

ಇಷ್ಟಕ್ಕಾಗಿ ಏನು ಬಿಟ್ಟೆ? ಕಾಂಟ್ರಾಕ್ಟರ್‌ಗಳನ್ನು. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ಲಕ್ಷದ ಮಾಲು ಒಯ್ಯುತ್ತಿದ್ದವರೊಬ್ಬರು ಮೊದಲ ಬಿಲ್ ನೋಡಿಯೇ ನಿಂತುಬಿಟ್ಟರು. ಅದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ಮೇಲ್ಗಡೆಯೇ ‘ಕಾಂಪೊಸಿಷನ್ ವ್ಯಾಪಾರಿ, ತೆರಿಗೆ ವಸೂಲಿ ಮಾಡುವಂತಿಲ್ಲ’ ಅಂತ ಇರಬೇಕು. ಅಂಗಡಿ ಬೋರ್ಡಿನ ಮೇಲೂ ಕಾಂಪೊಸಿಷನ್ ಅಂತ ಬರೆಸಬೇಕು.

“ಅಣ್ಣಾ, ಇದ್ರಲ್ಲಿ ನನಗೆ ಇನ್‌ಪುಟ್ ಬರಲ್ವಲ್ಲ” ಅಂದರು.

ಅವರ ಮಾತು ಸರಿ. ರೆಗ್ಯುಲರ್ ಅಂಗಡಿಯಲ್ಲಿ 1,18,000 ಕೊಟ್ಟು ಪೈಪು ತಂದರೆ 18,000 ಕ್ರೆಡಿಟ್ ಸಿಕ್ಕಿ ಅವರಿಗೆ ಬೀಳುವುದು ಒಂದು ಲಕ್ಷ. ನನ್ನ ಹತ್ತಿರ ಅದೇ 1,18,000 ಪೂರ್ತಿ ಖರ್ಚು. ಎಷ್ಟು ವರ್ಷದ ಸ್ನೇಹವಿದ್ದರೂ ಹದಿನೆಂಟು ಸಾವಿರ ಬಿಟ್ಟುಕೊಡಿ ಅಂತ ಹೇಗೆ ಕೇಳಲಿ?

ಎರಡನೆಯದು ಹೊಸೂರು. ನಮ್ಮಿಂದ ಹತ್ತು ಕಿಲೋಮೀಟರ್ ಒಳಗೇ ಇದೆ, ಆದರೆ ಅದು ತಮಿಳುನಾಡು. ಕಾಂಪೊಸಿಷನ್‌ನವರು ಬೇರೆ ರಾಜ್ಯದಿಂದ ಮಾಲು ತರಿಸಬಹುದು, ಬೇರೆ ರಾಜ್ಯಕ್ಕೆ ಕಳಿಸುವಂತಿಲ್ಲ. ಹೊಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದವರು 200 ಚೀಲ ಸೈಟಿಗೆ ಇಳಿಸಿಕೊಡಿ ಅಂದಾಗ ಆಗಲ್ಲ ಅನ್ನಬೇಕಾಯ್ತು. ಒಂದೇ ಒಂದು ಲೋಡು ಗಡಿ ದಾಟಿಸಿದರೂ ಅಂದಿನಿಂದ ಸ್ಕೀಮ್‌ಗೆ ನಾವು ಅನರ್ಹರು. ಏಳು ದಿನದೊಳಗೆ CMP-04 ಹಾಕಿ ಹೊರಬಂದು ಪೂರ್ತಿ ದರದಲ್ಲಿ ತೆರಿಗೆ ಕಟ್ಟಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಸೇರುತ್ತದೆ.

ಹಾಗಾದರೆ ಯಾರಿಗೆ ಒಳ್ಳೆಯದು? ನಮ್ಮ ಭಾವನ ಕಿರಾಣಿ ಅಂಗಡಿಗೆ ಚೆನ್ನಾಗಿ ಹೊಂದಿದೆ. ಗಿರಾಕಿಗಳೆಲ್ಲ ಮನೆಯವರು, ಯಾರೂ ಇನ್‌ಪುಟ್ ಕೇಳುವುದಿಲ್ಲ. ಅವರ ಮಾರಾಟ 90 ಲಕ್ಷ. ಅದರಲ್ಲಿ 50 ಲಕ್ಷ ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆ. ಅದಕ್ಕೆ ಜಿಎಸ್‌ಟಿಯೇ ಇಲ್ಲ. ವ್ಯಾಪಾರಿಗೆ ಒಂದು ಪರ್ಸೆಂಟ್ ಬೀಳುವುದು ತೆರಿಗೆ ಇರುವ ಮಾಲಿನ ಮೇಲೆ ಮಾತ್ರ, ಹಾಗಾಗಿ ಅವರು ಕಟ್ಟುವುದು ವರ್ಷಕ್ಕೆ 40,000. ಆದರೆ ಒಂದೂವರೆ ಕೋಟಿ ಮಿತಿ ನೋಡುವಾಗ ಅಕ್ಕಿ ಬೇಳೆಯೂ ಲೆಕ್ಕಕ್ಕೆ ಬರುತ್ತದೆ. ಅದೇ ಪ್ಯಾನ್ ನಂಬರಿನಲ್ಲಿ ಇನ್ನೊಂದು ಅಂಗಡಿ ಇದ್ದರೆ ಅದರ ವಹಿವಾಟೂ ಸೇರುತ್ತದೆ. ಎರಡೂ ಅಂಗಡಿ ಒಟ್ಟಿಗೇ ಸ್ಕೀಮ್‌ನಲ್ಲಿರಬೇಕು, ಒಂದು ಹೊರಗೆ ಒಂದು ಒಳಗೆ ಆಗದು.

ನಾನು 2025ರ ಏಪ್ರಿಲ್ 1ರಿಂದ ರೆಗ್ಯುಲರ್‌ಗೆ ಬಂದೆ. ಹೊರಬರುವಾಗ ಕೈಯಲ್ಲಿರುವ ಸ್ಟಾಕ್ ಮೇಲಿನ ತೆರಿಗೆಯನ್ನು ಕ್ರೆಡಿಟ್ ಆಗಿ ಪಡೆಯಬಹುದು. ITC-01 ಅನ್ನು 30 ದಿನದೊಳಗೆ ಹಾಕಬೇಕು. ಕ್ರೆಡಿಟ್ ಎರಡು ಲಕ್ಷ ದಾಟಿದರೆ ಸಿಎ ಸರ್ಟಿಫಿಕೇಟ್ ಬೇಕು. ಇಲ್ಲಿ ನಾನು ಎಡವಿದ್ದು ಬಿಲ್ಲಿನ ತಾರೀಖಿನಲ್ಲಿ. ಒಂದು ವರ್ಷಕ್ಕಿಂತ ಹಳೆಯ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಸಿಮೆಂಟು ವಾರದಲ್ಲಿ ಖಾಲಿಯಾಗುತ್ತದೆ, ಅದಕ್ಕೆ ತೊಂದರೆ ಆಗಲಿಲ್ಲ. ಆದರೆ ಹಿಂದಿನ ಶೆಲ್ಫಿನಲ್ಲಿ ಕೂತಿದ್ದ ಫಿಟಿಂಗ್ಸ್, ಪೇಂಟಿನ ಡಬ್ಬಿ ಎಲ್ಲ ಹದಿನಾಲ್ಕು, ಹದಿನೆಂಟು ತಿಂಗಳ ಹಿಂದಿನ ಮಾಲು. ಅವುಗಳ ಮೇಲಿನ 21,000 ತೆರಿಗೆ ಸಿಗಲಿಲ್ಲ. ಹೊರಬರುವ ಯೋಚನೆ ಇರುವವರು ಡಿಸೆಂಬರ್‌ನಲ್ಲೇ ಆ ಹಳೆ ಮಾಲನ್ನು ಮುಂದೆ ತಂದಿಟ್ಟು ಖಾಲಿ ಮಾಡಿ, ಮಾರ್ಚ್‌ವರೆಗೆ ಕಾಯಬೇಡಿ.